ಹನ್ನೆರಡು ವಾರದ ಮುಖ

ವಾಡಿಯಲ್ಲಿ ಒಬ್ಬ ಗಂಡಸು ಮುಖ ತೊಳೆದರೆ ಯಾರೂ ಏನೂ ಕೇಳುವುದಿಲ್ಲ. ಎರಡು ಸಲ ತೊಳೆದರೆ ಇವತ್ತು ಧೂಳು ಜಾಸ್ತಿ ಎಂದುಕೊಳ್ಳುತ್ತಾರೆ. ತೊಳೆದ ಮೇಲೆ ಅದಕ್ಕೆ ಏನಾದರೂ ಹಚ್ಚಿಕೊಂಡನೋ, ಓಣಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆಯುತ್ತವೆ. ನಮ್ಮ ಖಂಡೆಪ್ಪನಿಗೆ ನಲವತ್ತಾರು ವರ್ಷ ಈ ಸತ್ಯ ಗೊತ್ತಿರಲಿಲ್ಲ, ಏಕೆಂದರೆ ನಲವತ್ತಾರು ವರ್ಷ ಅವನು ಮುಖಕ್ಕೆ ನೀರು ಬಿಟ್ಟರೆ ಬೇರೇನೂ ತೋರಿಸಿರಲಿಲ್ಲ. ಹಬ್ಬಕ್ಕೆ ಎಣ್ಣೆ ತೋರಿಸಿದ್ದುಂಟು, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಖಂಡೆಪ್ಪ ಶಹಾಬಾದ ರಸ್ತೆಯ ಫರ್ಸಿ, ಅಂದರೆ ನೆಲಹಾಸು ಕಲ್ಲಿನ, ಕಾರಖಾನೆಯಲ್ಲಿ ಪಾಲಿಶ್ ಮೇಸ್ತ್ರಿ. ಗಣಿಯಿಂದ ಬಂದ ಒರಟು ಕಲ್ಲನ್ನು ಯಂತ್ರದ ಕೆಳಗೆ ಮಲಗಿಸಿ, ನೀರು ಬಿಟ್ಟು, ಮೊದಲು ದಪ್ಪ ಸಾಣೆ, ಆಮೇಲೆ ಸಣ್ಣ ಸಾಣೆ, ಕೊನೆಗೆ ನುಣುಪು ಸಾಣೆ ತಿಕ್ಕಿ, ಸಂಜೆಯೊಳಗೆ ಅದರಲ್ಲಿ ಮುಖ ಕಾಣುವ ಹಾಗೆ ಮಾಡುವವನು. ಇಪ್ಪತ್ತೆರಡು ವರ್ಷ ಕಲ್ಲಿನಲ್ಲಿ ತನ್ನ ಮುಖ ನೋಡುತ್ತಾ ಬಂದವನಿಗೆ ಆ ಮುಖದ ಬಗ್ಗೆ ಯಾವ ದೂರೂ ಇರಲಿಲ್ಲ. ಒದ್ದೆ ಕಲ್ಲಿನಲ್ಲಿ ಎಲ್ಲರೂ ಚೆಂದವೇ ಕಾಣುತ್ತಾರೆ.

ದೂರು ಬಂದದ್ದು ಸೇಡಂನಿಂದ. ಜನವರಿಯಲ್ಲಿ ಮಗಳು ಉಮಾದೇವಿಯ ನಿಶ್ಚಿತಾರ್ಥ ಅಲ್ಲಿ ನಡೆದಿತ್ತು. ಹುಡುಗ ಲಕ್ಷ್ಮಿಕಾಂತ ಶಾಲೆಯ ಮೇಷ್ಟ್ರು, ಅವನ ಅಪ್ಪ ದೇವಿಂದ್ರಪ್ಪನವರು ಬಟ್ಟೆ ಅಂಗಡಿಯವರು. ಫೋಟೊ ತೆಗೆದವನು ವಾಡಿ ಸ್ಟುಡಿಯೊದ ಹಾಜಿಮಲಂಗ್. ಫೋಟೊ ದೊಡ್ಡದಾಗಿ, ಚೌಕಟ್ಟಿನೊಳಗೆ ಸೇಡಂಗೆ ಹೋಯಿತು. ಬೀಗರು ಖುಷಿಯಿಂದ ವಿಡಿಯೊ ಕಾಲ್ ಮಾಡಿದರು. ಇತ್ತ ಖಂಡೆಪ್ಪನ ಮನೆಯ ಮಂದಿಯೆಲ್ಲ ಫೋನಿನ ಮುಂದೆ ಕೂತರು. ಅತ್ತ ದೇವಿಂದ್ರಪ್ಪನವರ ತಾಯಿ, ಎಂಬತ್ತು ದಾಟಿದ ಆಯಿ, ಚಸ್ಮಾ ಸರಿಮಾಡಿಕೊಂಡು ಫೋಟೊದ ಮೇಲೆ ಬೆರಳಿಟ್ಟರು.

“ಹುಡುಗಿ ಬಾಜೂಕ ನಿಂತಾನಲ್ಲ, ಈ ಮುತ್ಯಾ ಯಾರು? ಹುಡುಗಿ ಅಪ್ಪ ಬಂದಿರ್ಲಿಲ್ಲೇನು?”

ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಫೋನು ಸ್ಪೀಕರಿನಲ್ಲಿತ್ತು. ಅತ್ತ ಯಾರೋ ಆಯಿಯ ಬಾಯಿ ಮುಚ್ಚಲು ಹೋದರು. ಇತ್ತ ಖಂಡೆಪ್ಪನ ಹೆಂಡತಿ ಜಗದೇವಿ ಸೆರಗು ಬಾಯಿಗಿಟ್ಟುಕೊಂಡಳು, ಅದು ಸಂಕೋಚಕ್ಕೋ ನಗೆಗೋ ಎಂದು ನಾನು ಹೇಳಲಾರೆ.

ಆ ಸಂಜೆ ಖಂಡೆಪ್ಪ ಅದೇ ಫೋಟೊವನ್ನು ಫೋನಿನಲ್ಲಿ ಎಳೆದೆಳೆದು ದೊಡ್ಡದು ಮಾಡಿ ನೋಡಿದ. ಕೆನ್ನೆಯ ಮೇಲೆ ಎರಡು ಕಪ್ಪು ಪಟ್ಟೆ. ಹಣೆಯಲ್ಲಿ ಒಣಗಿದ ಕೆರೆಯ ನೆಲ. ಮೂಗಿನ ಪಕ್ಕ ಬಿಳಿ ಹೊಟ್ಟು. ಪಕ್ಕದಲ್ಲಿ ನಿಂತ ಬೀಗರು ಅವನಿಗಿಂತ ಎಂಟು ವರ್ಷ ದೊಡ್ಡವರು, ಆದರೆ ಅವರ ಕೆನ್ನೆ ಕೆಂಪಗೆ, ನುಣ್ಣಗೆ, ಪಾಲಿಶ್ ಹೊಡೆದ ಹಾಗೆ! ನಡುವೆ ಉಮಾದೇವಿ ನಗುತ್ತಿದ್ದಳು. ಎಡಹುಬ್ಬಿನ ಕೆಳಗೆ ಅವಳ ಸಣ್ಣ ಗಾಯದ ಗೆರೆ. ನಾಲ್ಕು ವರ್ಷದವಳಿದ್ದಾಗ ಅವ್ವನ ಜೊತೆ ಕಾರಖಾನೆಗೆ ಅಪ್ಪನ ಬುತ್ತಿ ತಂದು, ಫರ್ಸಿಯ ಅಂಚಿಗೆ ಬಿದ್ದು ಆದದ್ದು. ಅವತ್ತು ಖಂಡೆಪ್ಪ ಅವಳನ್ನು ಹೊತ್ತುಕೊಂಡು ಬರಿಗಾಲಲ್ಲಿ ದವಾಖಾನೆಗೆ ಓಡಿದ್ದ.

“ಮೇ ತಿಂಗಳ ಲಗ್ನದ ಫೋಟೊದಾಗ ನಾ ಅಕಿ ಅಪ್ಪ ಅಂತ ಕಾಣ್ಬೇಕು. ಮುತ್ಯಾ ಅಲ್ಲ,” ಎಂದ.

ಇಷ್ಟೇ ಅವನ ಆಸೆ. ರಾಜ್ಯ ಕೇಳಲಿಲ್ಲ, ಯೌವನ ಕೇಳಲಿಲ್ಲ.

ಆದರೆ ಪಾಲಿಶ್ ಮೇಸ್ತ್ರಿಗೆ ಮುಖ ಕೊಟ್ಟರೆ ಏನು ಮಾಡುತ್ತಾನೆ? ಮರುದಿನವೇ ಬಚ್ಚಲಲ್ಲಿ ಮೂರು ಬಟ್ಟಲು ಜೋಡಿಸಿದ. ಮೊದಲು ದಪ್ಪ ಸಾಣೆ: ಸಕ್ಕರೆಗೆ ಲಿಂಬೆ ಹಿಂಡಿದ್ದು. ಎರಡನೆಯದು ರವೆ. ಮೂರನೆಯದು ಕಡಲೆಹಿಟ್ಟು. ಒಣಗಿದ ಹೀರೇಕಾಯಿ ನಾರನ್ನು ಕೈಗೆ ಸುತ್ತಿಕೊಂಡು, ನಲ್ಲಿ ಬಿಟ್ಟು, ಗುಂಡಗೆ ತಿರುಗಿಸಿ ತಿರುಗಿಸಿ ತಿಕ್ಕಿದ. ಕಲ್ಲಿಗೆ ಹೇಗೋ ಹಾಗೆ, ಅಂಚು ಸಹ ಬಿಡಲಿಲ್ಲ. ಐದು ದಿನ ಈ ಕೆಲಸ ನಡೆಯಿತು. ಲಿಂಬೆ ಹಚ್ಚಿದ ಮುಖವನ್ನು ಹೊತ್ತುಕೊಂಡು ಬಿಸಿಲಲ್ಲಿ ಕಾರಖಾನೆಗೂ ಹೋದ.

ಆರನೆಯ ದಿನ ಮುಖ ಕೆಂಪಾಗಿ, ಉರಿದು, ಸಿಪ್ಪೆ ಏಳತೊಡಗಿತು. ಕಪ್ಪು ಪಟ್ಟೆ ಇನ್ನಷ್ಟು ಕಪ್ಪಾಯಿತು.

“ರವಾ ಡಬ್ಬಿ ಖಾಲಿ ಯಾಕಾತು ಅಂತ ನಾ ವಿಚಾರ ಮಾಡಾಕತ್ತಿದ್ದೆ,” ಎಂದಳು ಜಗದೇವಿ. “ಉಪ್ಪಿಟ್ಟು ಮಾರಿಗೆ ತಿನಸಾಕತ್ತೀರೇನು?”

ಉಮಾದೇವಿ ನಗಲಿಲ್ಲ. ಅಪ್ಪನ ಬೈಕಿನ ಹಿಂದೆ ಕೂತು ಅವನನ್ನು ಶಹಾಬಾದಿನ ಔಷಧಿ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿ ನಡೆಸುವವಳು ಸಮ್ರೀನ್, ಉಮಾದೇವಿಯ ಜೊತೆ ಓದಿದವಳು, ಆಮೇಲೆ ಔಷಧಶಾಸ್ತ್ರ ಕಲಿತವಳು. ಖಂಡೆಪ್ಪನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ, ಎಲ್ಲ ಕೇಳಿ, ಹಣೆ ಚಚ್ಚಿಕೊಂಡಳು.

“ಕಾಕಾ, ಕಲ್ಲು ತಿಕ್ಕಿದ್ರ ಹೊಳೀತದ. ಚರ್ಮ ತಿಕ್ಕಿದ್ರ ಸಿಟ್ಟಿಗೇಳ್ತದ. ಕಲ್ಲು ಬೆಳಿಯಂಗಿಲ್ಲ, ಚರ್ಮ ಒಳಗಿನಿಂದ ಬೆಳೀತದ. ತಳದಾಗ ಹುಟ್ಟಿದ ಪದರ ಮ್ಯಾಲ ಬಂದು ಉದುರ್ಲಿಕ್ಕೆ ಒಂದು ತಿಂಗಳು ಬೇಕು. ನಿಮ್ಮ ವಯಸ್ಸಿಗೆ ಇನ್ನೂ ಹತ್ತು ಹದಿನೈದು ದಿನ ಜಾಸ್ತಿ. ಅದರ ಮ್ಯಾಲ ಲಿಂಬಿ ಹಚ್ಕೊಂಡು ಬಿಸಿಲಾಗ ಹೋಗೀರಿ. ಲಿಂಬಿ ರಸಕ್ಕ ಬಿಸಿಲು ಬಿದ್ರ ಚರ್ಮ ಸುಟ್ಟು ಕರ್ರಗ ಕಲಿ ಬೀಳ್ತಾವ.”

“ಅಂದ್ರ ನಾನೇ ದುಡ್ಕೊಂಡೆ,” ಎಂದ ಖಂಡೆಪ್ಪ.

“ದುಡ್ಕೊಂಡ್ರಿ. ಈಗ ಮೂರೇ ಕೆಲಸ.” ಅವಳು ಒಂದು ಚೀಟಿಯಲ್ಲಿ ಬರೆಯುತ್ತಾ ಹೋದಳು. “ಮುಂಜಾನಿ, ಸಂಜಿ, ಎರಡೇ ಸಲ ಈ ಸೌಮ್ಯ ಫೇಸ್‌ವಾಶ್. ಬೆರಳ ತುದಿಲಿಂದ ಅರ್ಧ ನಿಮಿಷ, ಉಗುರುಬೆಚ್ಚಗಿನ ನೀರು. ಟವೆಲ್‌ಲಿಂದ ತಿಕ್ಕಬ್ಯಾಡ್ರಿ, ಒತ್ತಿ ಒರಸ್ರಿ. ಮಾರಿ ಇನ್ನೂ ಹಸಿ ಇದ್ದಾಗ ಈ ಮಾಯಿಶ್ಚರೈಸರ್. ಮುಂಜಾನಿ ಅದರ ಮ್ಯಾಲ ಸನ್‌ಸ್ಕ್ರೀನ್. ಎಷ್ಟು? ಎರಡು ಬೆರಳ ಉದ್ದಕ್ಕ ಎರಡು ಗೆರಿ. ಮಾರಿ, ಕುತ್ತಿಗಿ, ಕಿವಿ. ಬಿಸಿಲಿಗೆ ಹೋಗೋಕಿಂತ ಕಾಲು ತಾಸು ಮುಂಚೆ. ಬಿಸಿಲಾಗ ಇದ್ರ ಎರಡು ತಾಸಿಗೊಮ್ಮೆ ಮತ್ತ. ಟೊಪ್ಪಿಗಿ ಬಿಡಬ್ಯಾಡ್ರಿ. ಕಲ್ಲಿನ ಧೂಳಿಗೆ ಮಾಸ್ಕ್.”

“ಬೆಳ್ಳಗ ಆಗ್ತೀನೇನು?”

“ಇಲ್ಲ. ನಿಮ್ಮ ಬಣ್ಣ ನಿಮ್ದೇ, ಅದಕ್ಕೇನಾಗ್ಯಾದ? ಉರಿ ಹೋಗ್ತದ, ಒಣಕಲು ಹೋಗ್ತದ, ಕಲಿ ತಿಳಿ ಆಗ್ತಾವ. ಒಂದು ತಿಂಗಳು ಬರೇ ಇಷ್ಟೇ. ಮಾರಿ ಶಾಂತ ಆದ ಮ್ಯಾಲ ಒಂದು ಹೊಸದು ಕೊಡ್ತೀನಿ. ಕಲಿಗೆ ಎಂಟರಿಂದ ಹನ್ನೆರಡು ವಾರ.”

“ಹನ್ನೆರಡು ವಾರ!” ಖಂಡೆಪ್ಪ ಕೂತ ಸ್ಟೂಲಿನಿಂದ ಎದ್ದ. “ಅಷ್ಟರಾಗ ನಾ ಒಂದು ಮಸೂತಿ, ಎರಡು ಮಠಕ್ಕ ಫರ್ಸಿ ಪಾಲಿಶ್ ಮಾಡಿ ಕೊಡ್ತೀನಿ.”

ಸಮ್ರೀನ್ ಚೀಟಿಯ ಕೊನೆಗೆ ದೊಡ್ಡ ಅಕ್ಷರದಲ್ಲಿ ‘ತಾಳ್ಮೆ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು. “ಇದು ನಾಲ್ಕನೇದು. ಇದು ಅಂಗಡಿಯಾಗ ಸಿಗಲ್ಲ. ದಿನಾ ಕನ್ನಡಿ ನೋಡಬ್ಯಾಡ್ರಿ. ನಾಲ್ಕು ವಾರಕ್ಕೊಮ್ಮೆ ಅದೇ ಜಾಗಾ, ಅದೇ ಹೊತ್ತು, ಒಂದು ಫೋಟೊ ತಕ್ಕೊಳ್ರಿ.”

ಸುಟ್ಟ ಮುಖಕ್ಕೆ ಉರಿಯದಿರಲೆಂದು ಅವಳು ಕೊಟ್ಟದ್ದು ಸತುವಿನ ಪುಡಿಯ ಸನ್‌ಸ್ಕ್ರೀನ್. ಒಳ್ಳೆಯ ಮಾಲು. ಒಂದೇ ತೊಂದರೆ, ಹಚ್ಚಿದರೆ ಬೆಳ್ಳಗೆ ಕಾಣುತ್ತದೆ. ಖಂಡೆಪ್ಪನಂಥ ಬಣ್ಣದವನು ಎರಡು ಬೆರಳ ತುಂಬಾ ಹಚ್ಚಿದರೆ ಭಾರೀ ಬೆಳ್ಳಗೆ ಕಾಣುತ್ತದೆ. ಈ ಕಥೆಗೆ ಕಾಲು ಬಂದದ್ದು ಅಲ್ಲಿಂದ.

ಮರುದಿನ ಬೆಳಿಗ್ಗೆ ಏಳೂವರೆಗೆ, ಬಿಳಿ ಮುಖ ಹೊತ್ತು, ಕಾಲು ತಾಸು ಕಳೆಯಲೆಂದು ಅವನು ಜಗುಲಿಯಲ್ಲಿ ನಿಂತಿದ್ದ. ಪಕ್ಕದ ಮನೆಯ ಪೀರಮ್ಮ ನೀರಿನ ಕೊಡ ಹೊತ್ತು ಬಂದವಳು ಕೊಡವನ್ನು ಇಳಿಸಿಯೇ ಬಿಟ್ಟಳು. ಪೀರಮ್ಮ ಕೊಡ ಇಳಿಸಿದಳೆಂದರೆ ವಿಷಯ ದೊಡ್ಡದು.

“ಅಣ್ಣಾ! ಏನಿದು ಮಾರಿ?”

ಗಂಡಸು, ಕಾರಖಾನೆಯ ಮೇಸ್ತ್ರಿ, ಮುಖಕ್ಕೆ ಕ್ರೀಮು ಹಚ್ಚಿದೆ ಎಂದು ಹೇಗೆ ಹೇಳುತ್ತಾನೆ? ಪೀರಮ್ಮನೇ ದಯೆ ತೋರಿದಳು.

“ನಾಟಕದಾಗ ಪಾರ್ಟ್ ಹಿಡದೀರೇನು?”

“ಹೂಂ,” ಎಂದ ಖಂಡೆಪ್ಪ.

“ಎಲ್ಲಿ?”

“ಅಲ್ಲಿ… ಚಿಂಚೋಳಿ ಕಡಿ.”

ದೂರದ ಊರು, ಯಾರು ಹೋಗಿ ನೋಡುತ್ತಾರೆ ಎಂದು ಅವನ ಎಣಿಕೆ. ಪೀರಮ್ಮನಿಗೆ ಚಿಂಚೋಳಿಯಲ್ಲಿ ಅಕ್ಕ, ಸೇಡಂನಲ್ಲಿ ತಂಗಿ, ಚಿತ್ತಾಪುರದಲ್ಲಿ ನಾದಿನಿ ಇದ್ದಾರೆಂಬುದನ್ನು ಗಾಬರಿಯಲ್ಲಿ ಮರೆತಿದ್ದ. ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಚಿಂಚೋಳಿ ಮುಟ್ಟಿ, ಅಲ್ಲಿಂದ “ನಮ್ಮೂರಾಗ ನಾಟಕ ಅದ ಅಂತ ನಮಗೇ ಗೊತ್ತಿಲ್ಲ” ಎಂಬ ಅಚ್ಚರಿಯೊಂದಿಗೆ ವಾಪಸು ಬಂತು. ಕಾರಖಾನೆಯಲ್ಲಿ ಮಂದಿ ಸುತ್ತುಗಟ್ಟಿದರು.

“ಮೇಸ್ತ್ರಿ, ರಾಜನ ಪಾರ್ಟೋ, ದೆವ್ವದ್ದೋ?”

“ಇನ್ನೂ ಕೊಟ್ಟಿಲ್ಲ.”

“ಪಾರ್ಟ್ ಕೊಡದಕ್ಕ ಮುಂಚೆನೇ ಬಣ್ಣ ಹಚ್ಯಾರ?”

“ಚರ್ಮಕ್ಕ ರೂಢಿ ಆಗ್ಲಿ ಅಂತ,” ಎಂದ ಖಂಡೆಪ್ಪ. ಇದೊಂದು ಮಾತ್ರ ಅರ್ಧ ನಿಜ. ಒಂಬತ್ತೂವರೆಗೆ ಮತ್ತೆ ಹಚ್ಚಿಕೊಂಡ, ಹನ್ನೊಂದೂವರೆಗೆ ಮತ್ತೆ. ಅವನ ಕಲಾನಿಷ್ಠೆಗೆ ಎಲ್ಲರೂ ತಲೆದೂಗಿದರು.

ಮೂರು ವಾರ ಹೋಯಿತು. ಉರಿ ಇಳಿದಿತ್ತು, ಸಿಪ್ಪೆ ನಿಂತಿತ್ತು. ಕಪ್ಪು ಪಟ್ಟೆ ಮಾತ್ರ ಜಾಗ ಬಿಟ್ಟಿರಲಿಲ್ಲ. ಕನ್ನಡಿ ನೋಡಬೇಡ ಎಂದಿದ್ದರಿಂದ ಖಂಡೆಪ್ಪ ಕನ್ನಡಿ ಬಿಟ್ಟು ಸ್ಟೀಲ್ ಚೊಂಬು, ಬೈಕಿನ ಟ್ಯಾಂಕು, ಒದ್ದೆ ಫರ್ಸಿ ಎಲ್ಲದರಲ್ಲೂ ನೋಡಿಕೊಳ್ಳುತ್ತಿದ್ದ. ಯಾವುದೂ ಅವನ ಪರ ಸಾಕ್ಷಿ ಹೇಳಲಿಲ್ಲ. ತಡೆಯಲಾಗದೆ ಸಮ್ರೀನ್ ಅಂಗಡಿಗೆ ಹೋದ.

“ಎಂಟು ದಿನದಾಗ ಹೊಳಪು ಬರೋ ಟ್ಯೂಬ್ ಒಂದು ಅದ ಅಂತ. ಮಂದಿ ಹೇಳ್ಯಾರ. ಅದನ್ನ ಕೊಡವ್ವ.”

ಸಮ್ರೀನ್ ಮುಖ ಗಂಭೀರವಾಯಿತು. “ಅದು ಸ್ಟೀರಾಯ್ಡ್ ಕಾಕಾ. ಇಸಬಿಗೋ ಇನ್ನೊಂದಕ್ಕೋ ಡಾಕ್ಟರ್ ಬರದುಕೊಟ್ಟಷ್ಟು ದಿನ ಹಚ್ಚೋದು. ಮುಖದ ಹೊಳಪಿಗಲ್ಲ. ಮೊದಲು ಹೊಳೀತದ, ಖರೆ. ಆಮ್ಯಾಲ ಚರ್ಮ ತೆಳ್ಳಗ ಆಗ್ತದ, ಕೆಂಪು ಕೆಂಪು ನರ ಕಾಣ್ತಾವ, ಬಿಸಿಲು ತಾಳಲ್ಲ. ಬಿಟ್ರ ಉರೀತದ, ಅದಕ್ಕ ಮತ್ತ ಹಚ್ತಾರ. ಹಿಂಗ ಸಿಕ್ಕಿಬೀಳ್ತಾರ. ನಾ ಕೊಡಂಗಿಲ್ಲ, ನೀವು ಬ್ಯಾರೆ ಕಡಿ ತಗೊಳ್ಳಂಗಿಲ್ಲ.”

ಖಂಡೆಪ್ಪ ತಲೆ ತಗ್ಗಿಸಿ ಬಂದ. ತಿಂಗಳು ತುಂಬಿದ ಮೇಲೆ ಅವಳು ಒಂದು ಸಣ್ಣ ಸೀಸೆ ಕೊಟ್ಟಳು. ಹೆಸರು ಉದ್ದ, ಸೀಸೆ ಗಿಡ್ಡ. ಅದನ್ನೂ ನೇರ ಮುಖಕ್ಕಲ್ಲ, ಮೊದಲು ಐದು ದಿನ ಕಿವಿಯ ಹಿಂದೆ ಒಂದು ಹನಿ. ತುರಿಸಲಿಲ್ಲ, ಕೆಂಪಾಗಲಿಲ್ಲ, ಆಮೇಲೆ ಸಂಜೆಗೆ ಎರಡು ಮೂರು ಹನಿ. ಆ ಐದು ದಿನ ಖಂಡೆಪ್ಪ ಜಗದೇವಿಗೆ ದಿನಕ್ಕೆ ನಾಲ್ಕು ಸಲ ಕಿವಿ ತೋರಿಸಿದ. “ಲಗ್ನಾದ ಹೊಸದಾಗ ಇಷ್ಟು ಸಲ ನನ್ನ ಮಾತಿಗೆ ಕಿವಿ ಕೊಟ್ಟಿದ್ರ ಭಾಳ ಉಪಕಾರ ಆಗ್ತಿತ್ತು,” ಎಂದಳು ಅವಳು. ಬೈದರೂ ಸಂಜೆ ಉಗುರುಬೆಚ್ಚಗಿನ ನೀರು ಮಾತ್ರ ತಪ್ಪದೆ ಬಚ್ಚಲಲ್ಲಿ ಇಡುತ್ತಿದ್ದಳು.

ಇತ್ತ ಮುಖಕ್ಕೆ ತಾಳ್ಮೆ ಬರುತ್ತಿರುವಾಗ ಅತ್ತ ನಾಟಕ ಓಡತೊಡಗಿತು. ಒಂದು ದಿನ ಸೇಡಂನಿಂದ ದೇವಿಂದ್ರಪ್ಪನವರ ಫೋನು.

“ಬೀಗರ! ಕೇಳಿ ಭಾಳ ಖುಷಿ ಆತ್ರಿ. ಕಲ್ಲು ಕೊರೆಯೋ ಮಂದಿ ಅಂತ ತಿಳದಿದ್ದೆ, ನೀವು ಕಲಾವಿದ್ರು! ನಾ ಒಂದು ಕಾಲಕ್ಕ ಹಾರ್ಮೋನಿಯಂ ಪೇಟಿ ಬಾರಿಸ್ತಿದ್ದೆ. ಮಗನ ಲಗ್ನದ ಹಿಂದಿನ ಸಂಜಿ ನಿಮ್ಮ ನಾಟಕ ವಾಡಿಯಾಗೇ ಇಟ್ಟುಬಿಡೋಣು. ಪೇಟಿ ನಂದು.”

“ಅದು… ಚಿಂಚೋಳಿ ಮಂದಿದು…”

“ಅವರಿಗೆ ನಾ ಹೇಳ್ತೀನಿ!”

“ಬ್ಯಾಡ್ರಿ! ಅವರಿಗೆ ನಾನೇ ಹೇಳ್ತೀನಿ.”

ನಾಲ್ಕನೆಯ ದಿನ ಬೀಗರು ಬಂದೇ ಬಿಟ್ಟರು. ಧ್ವನಿವರ್ಧಕದ ಪರವಾನಗಿಗೆ ಖಂಡೆಪ್ಪನನ್ನು ಠಾಣೆಗೆ ಎಳೆದುಕೊಂಡು ಹೋದರು. ದಾರಿಯುದ್ದಕ್ಕೂ ನೆರಳು ನೆರಳಲ್ಲೇ ನಡೆದರು, ಟವೆಲಿನಿಂದ ಕೆನ್ನೆಗೆ ಗಾಳಿ ಹಾಕಿಕೊಂಡರು. ಶ್ರೀಮಂತರ ನಾಜೂಕು ಎಂದುಕೊಂಡ ಖಂಡೆಪ್ಪ. ಠಾಣೆಯಲ್ಲಿ ಜಮಾದಾರರು ಅರ್ಜಿ ಮುಂದಿಟ್ಟುಕೊಂಡರು.

“ನಾಟಕದ ಹೆಸರು?”

ಖಂಡೆಪ್ಪ ಬೆವರಿದ. ಬೆವರು ಒರೆಸಲು ಜೇಬಿಗೆ ಕೈ ಹಾಕಿದರೆ ಕೈಗೆ ಬಂದದ್ದು ಸಮ್ರೀನ್ ಬರೆದ ಚೀಟಿ. ಕೊನೆಯ ಸಾಲು ಕಣ್ಣಿಗೆ ಬಿತ್ತು.

“ತಾಳ್ಮೆ,” ಎಂದ.

“ಭಲೇ ಹೆಸರು!” ಎಂದರು ದೇವಿಂದ್ರಪ್ಪ.

“ಬರದವರು?”

“ಸಮ್ರೀನ್ ಮೇಡಮ್, ಶಹಾಬಾದ.”

“ಎಷ್ಟು ಅಂಕ?”

“ಹನ್ನೆರಡು.”

ಜಮಾದಾರರು ಪೆನ್ನು ಕೆಳಗಿಟ್ಟರು. “ಹನ್ನೆರಡು ಅಂಕದ ನಾಟಕ ನಾ ಸರ್ವಿಸ್‌ನಾಗ ಕೇಳಿಲ್ಲ. ಹತ್ತು ಗಂಟೆಕ್ಕ ಮೈಕ್ ಬಂದ್ ಆಗ್ಬೇಕು, ನೋಡ್ರಿ ಮತ್ತ.”

“ಸಣ್ಣ ಸಣ್ಣ ಅಂಕ ಅವರಿ. ಒಂದೊಂದರಾಗ ಏನೂ ಆಗಂಗಿಲ್ಲ.”

“ಏನೂ ಆಗಂಗಿಲ್ಲ ಅಂದ್ರ?”

“ಕಾಣಂಗಿಲ್ಲರಿ. ಒಳಗ ಒಳಗ ಆಗ್ತಿರ್ತದ.”

ಜಮಾದಾರರು ಇದು ಹೊಸ ನಮೂನೆಯ ನಾಟಕ ಎಂದು ತಿಳಿದು ಸಹಿ ಹಾಕಿದರು. ಹೊರಗೆ ಬಂದ ಮೇಲೆ ದೇವಿಂದ್ರಪ್ಪ ಬೀಗನ ಹೆಗಲ ಮೇಲೆ ಕೈಯಿಟ್ಟರು. “ಒಂದು ಮಾತು ಹೇಳ್ತೀನಿ ಬೀಗರ. ಬಡತನ ಇರ್ಲಿ, ಸಿಟ್ಟು ಇರ್ಲಿ, ನಾ ತಡಕೋತೀನಿ. ಸುಳ್ಳು ಮಾತ್ರ ನನಗ ಆಗಂಗಿಲ್ಲ. ನಿಮ್ಮಂಥ ಖರೇ ಮಂದಿ ಸಿಕ್ಕೀರಿ, ನಮ್ಮ ದೈವ.”

ಆ ದಿನ ಖಂಡೆಪ್ಪನಿಗೆ ಊಟ ಸೇರಲಿಲ್ಲ. ಮಗಳು ಸೇರುವ ಮನೆ ಅದು. ನಾಳೆ ಮಾತು ಬಂದಾಗ, “ನಿಮ್ಮಪ್ಪನ ಹಂಗ ಸುಳ್ಳು ಹೇಳಬ್ಯಾಡ” ಎಂದು ಯಾರಾದರೂ ಅವಳಿಗೆ ಅಂದರೆ? ಮುತ್ಯಾ ಅನಿಸಿಕೊಂಡರೂ ಬದುಕಬಹುದಿತ್ತು, ಇದನ್ನು ಹೇಗೆ ಸಹಿಸುವುದು? ಉಮಾದೇವಿ ಪಕ್ಕದಲ್ಲಿ ಬಂದು ಕೂತಳು.

“ಅಪ್ಪಾ, ಖರೆ ಹೇಳಿಬಿಡು.”

“ಹೇಳ್ತೀನವ್ವ. ಇನ್ನೊಂದೆರಡು ದಿನ ಬಿಟ್ಟು ಹೇಳ್ತೀನಿ.”

ಮುಖದ ವಿಷಯದಲ್ಲಿ ಕಲಿತ ತಾಳ್ಮೆಯನ್ನು ಅವನು ಎಲ್ಲಿ ಬಳಸಬಾರದೋ ಅಲ್ಲಿ ಬಳಸಿದ. ಎರಡು ದಿನ ಎನ್ನುತ್ತಾ ಐದು ವಾರ ಹೋಯಿತು. ಎಂಟನೆಯ ವಾರದ ಫೋಟೊವನ್ನು ಮೊದಲಿನದರ ಪಕ್ಕ ಇಟ್ಟು ನೋಡಿದಾಗ ಕಪ್ಪು ಪಟ್ಟೆಯ ಅಂಚು ಕರಗತೊಡಗಿದ್ದು ಕಂಡಿತು. ಇನ್ನೊಂದು ಸಮಯದಲ್ಲಾಗಿದ್ದರೆ ಕುಣಿದಾಡುತ್ತಿದ್ದ. ಈಗ ಫೋನು ಮಗುಚಿಟ್ಟ.

ಏಪ್ರಿಲ್ ಕೊನೆಯ ಭಾನುವಾರ, ಲಗ್ನಕ್ಕೆ ಹನ್ನೆರಡು ದಿನ ಇರುವಾಗ, ಬೆಳಿಗ್ಗೆ ಖಂಡೆಪ್ಪ ಎರಡು ಬೆರಳ ತುಂಬಾ ಹಚ್ಚಿಕೊಂಡು ಇನ್ನೂ ತೀಡಿರಲಿಲ್ಲ. ಬಾಗಿಲಲ್ಲಿ ದೇವಿಂದ್ರಪ್ಪ, ಅವರ ಹಿಂದೆ ಪೇಟಿ ಹೊತ್ತ ಆಟೊದವನು, ಅವನ ಹಿಂದೆ ಪೀರಮ್ಮ, ಅವಳ ಹಿಂದೆ ಅರ್ಧ ಓಣಿ.

“ಬಣ್ಣ ಸಹಿತ ತಯಾರ್ ಅದೀರಿ! ಕುಂದ್ರಿ, ತಾಲೀಮು ಸುರು ಮಾಡೋಣು. ಯಾವ ಸ್ವರದ ಪಟ್ಟಿ ಹಿಡೀಲಿ?”

ಪೇಟಿ ಒಮ್ಮೆ ಉಸಿರೆಳೆದುಕೊಂಡಿತು. ಖಂಡೆಪ್ಪ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. “ನಾಟಕ ಇಲ್ರಿ. ಚಿಂಚೋಳಿನೂ ಇಲ್ಲ. ಇದು ಬಣ್ಣ ಅಲ್ಲ, ಬಿಸಿಲಿಗೆ ಹಚ್ಚೋ ಕ್ರೀಮ್. ಫೋಟೊದಾಗ ಆಯಿಯವರು ನನ್ನ ನೋಡಿ ಈ ಮುತ್ಯಾ ಯಾರು ಅಂದ್ರು. ಲಗ್ನದ ಫೋಟೊದಾಗ ಉಮಾನ ಅಪ್ಪ ಅಂತ ಕಾಣ್ಬೇಕು ಅಂತ ಆಸೆ ಬಿದ್ದೆ. ನಾಚಿಕಿ ಆತು, ಸುಳ್ಳು ಹೇಳಿದೆ. ನನ್ನ ಬೈರಿ, ಹೊಡೀರಿ. ಮಗಳಿಗೆ ಮಾತ್ರ ಏನೂ ಅನಬ್ಯಾಡ್ರಿ. ಅಕಿ ದಿನಾ ಖರೆ ಹೇಳು ಅಂತಿದ್ಳು.”

ಪೀರಮ್ಮ ಕೂಡ ಮಾತಾಡಲಿಲ್ಲ, ಅದನ್ನು ಕಂಡವರು ಈಗಲೂ ಹೇಳಿಕೊಳ್ಳುತ್ತಾರೆ.

ದೇವಿಂದ್ರಪ್ಪ ಪೇಟಿಯ ಬಾಯಿ ಮುಚ್ಚಿದರು. ಎದ್ದರು. “ಒಳಗ ಬರ್ರಿ,” ಎಂದು ಖಂಡೆಪ್ಪನ ಕೈ ಹಿಡಿದು ಅಡುಗೆ ಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದರು. ಜಗದೇವಿ ಒಲೆಯ ಹತ್ತಿರವೇ ಇದ್ದಳು, ಆದ್ದರಿಂದ ಮುಂದಿನದು ನಮಗೆ ಗೊತ್ತಾಯಿತು.

ಬೀಗರು ಅಂಗಿಯ ಜೇಬಿನಿಂದ ಒಂದು ಸಣ್ಣ ಟ್ಯೂಬ್ ತೆಗೆದರು. ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು.

“ನಿಮಗ ಹೊಡಿಯೋ ಮುಖ ನನಗಿಲ್ಲ ಬೀಗರ. ಎರಡು ವರ್ಷ ಆತು, ಇದನ್ನ ಹಚ್ಚಾಕತ್ತೀನಿ. ಅಂಗಡಿಯಾಗ ಗಿರಾಕಿ ಮುಂದ ಕುಂದ್ರೋನು, ಚೆಂದ ಕಾಣ್ಬೇಕು ಅಂತ. ಮೊದಲು ಭಾಳ ಹೊಳೀತು. ಈಗ ಒಂದು ದಿನ ಬಿಟ್ರ ಬೆಂಕಿ ಬಿದ್ದಂಗ ಉರೀತದ. ಮನ್ಯಾಗ ಕೇಳಿದ್ರ, ಕೆಂಪು ನಮ್ಮ ವಂಶದ್ದು ಅಂತೀನಿ. ನಾನೂ ಸುಳ್ಳೇ ಹೇಳಾಕತ್ತೀನಲ್ಲ.”

ಖಂಡೆಪ್ಪ ಅವರ ಮುಖವನ್ನು ಮೊದಲ ಸಲ ಹತ್ತಿರದಿಂದ ನೋಡಿದ. ಫೋಟೊದಲ್ಲಿ ಹೊಟ್ಟೆಕಿಚ್ಚು ಪಟ್ಟಿದ್ದ ಆ ಕೆಂಪಿನೊಳಗೆ ಸಣ್ಣ ಸಣ್ಣ ನರಗಳು ಹರಡಿದ್ದವು. ಚರ್ಮ ಈರುಳ್ಳಿ ಪೊರೆಯಷ್ಟು ತೆಳ್ಳಗಿತ್ತು. ಸಮ್ರೀನ್ ಹೇಳಿದ್ದು ಒಂದೊಂದೂ ಎದುರಿಗೇ ಇತ್ತು. ಅವನಿಗೆ ಪಾಪ ಅನಿಸಿತು. ಇಷ್ಟು ದಿನ ಇವರಂತಾಗಬೇಕೆಂದು ತಾನು ತಿಕ್ಕಿದ್ದು!

“ಹೆದರಬ್ಯಾಡ್ರಿ,” ಎಂದ, ಮೂರು ತಿಂಗಳ ಅನುಭವದ ಅಧಿಕಾರದಿಂದ. “ನಿಮ್ಮಷ್ಟಕ್ಕ ನೀವೇ ಒಮ್ಮಿಗೇ ಬಿಡಬ್ಯಾಡ್ರಿ. ನಡೀರಿ.”

ಅವತ್ತೇ ಸಮ್ರೀನ್ ಅಂಗಡಿ. ಮರುದಿನ ಅವಳು ಹೇಳಿದ ಕಲಬುರಗಿಯ ಚರ್ಮದ ಡಾಕ್ಟರು. ಅವರು ಟ್ಯೂಬನ್ನು ಹಂತಹಂತವಾಗಿ ಬಿಡಿಸುವ ದಾರಿ ಬರೆದುಕೊಟ್ಟರು, ಉರಿಗೆ ಬೇರೆ ಔಷಧಿ ಕೊಟ್ಟರು, ತಿಂಗಳುಗಳೇ ಹಿಡಿಯುತ್ತವೆ, ನಡುವೆ ಮುಖ ಇನ್ನೂ ಕೆಡಬಹುದು, ಗಾಬರಿಯಾಗಬೇಡಿ ಎಂದರು. “ತಿಂಗಳುಗಳು!” ಎಂದು ದೇವಿಂದ್ರಪ್ಪ ಕುರ್ಚಿಯಿಂದ ಎದ್ದರು. ಖಂಡೆಪ್ಪ ಅವರ ಭುಜ ಒತ್ತಿ ಕೂಡಿಸಿದ. “ಕುಂದ್ರಿ ಬೀಗರ. ನಾನೂ ಹಿಂಗೇ ಎದ್ದಿದ್ದೆ.”

ಪರವಾನಗಿ ತೆಗೆಸಿದ ಮೈಕನ್ನು ಮಾತ್ರ ಸುಮ್ಮನೆ ವಾಪಸು ಕಳಿಸಲು ಓಣಿ ಒಪ್ಪಲಿಲ್ಲ. ಲಗ್ನದ ಹಿಂದಿನ ಸಂಜೆ ದೇವಿಂದ್ರಪ್ಪ ಪೇಟಿ ಬಾರಿಸಿದರು, ಖಂಡೆಪ್ಪ ನಿಂತು ರವೆಯಿಂದ ಠಾಣೆಯವರೆಗಿನ ಕಥೆ ಇದ್ದದ್ದು ಇದ್ದಂತೆ ಹೇಳಿದ. ಬೀಗರ ಟ್ಯೂಬಿನ ಮಾತನ್ನು ಅವನು ಆಡಲಿಲ್ಲ, ಬೀಗರೇ ಪೇಟಿ ನಿಲ್ಲಿಸಿ ಆಡಿದರು. ಜಮಾದಾರರು ಮುಂದಿನ ಸಾಲಿನಲ್ಲಿ ಕೂತು ನಕ್ಕು ನಕ್ಕು ಟೊಪ್ಪಿಗೆ ಬೀಳಿಸಿದರು. ಮರುವಾರ ಶಹಾಬಾದಿನಲ್ಲಿ ಹತ್ತಾರು ಗಂಡಸರು ಒಬ್ಬೊಬ್ಬರಾಗಿ, ಹೆಂಡತಿಗೆ ಎಂದು ಹೇಳಿ, ಸನ್‌ಸ್ಕ್ರೀನ್ ಕೊಂಡರಂತೆ.

ಲಗ್ನವಾಗಿ ಎಂಟು ದಿನಕ್ಕೆ ಖಂಡೆಪ್ಪ ಹಾಜಿಮಲಂಗನ ಸ್ಟುಡಿಯೊಗೆ ಹೋದ. ಹಾಜಿಮಲಂಗ್ ಫೋಟೊವನ್ನು ಹೆಮ್ಮೆಯಿಂದ ಎದುರಿಗೆ ಹಿಡಿದ. ಖಂಡೆಪ್ಪ ಬೆಚ್ಚಿದ. ಅದರಲ್ಲಿ ಅವನಿಗೆ ಇಪ್ಪತ್ತೈದು ವರ್ಷ. ಬೀಗರಿಗೆ ಇಪ್ಪತ್ತಾರು. ಗೆರೆಯಿಲ್ಲ, ಕಲೆಯಿಲ್ಲ, ಗದ್ದದ ಮೇಲಿನ ಮಚ್ಚೆಯೂ ಇಲ್ಲ.

“ಹೋದ ಸಲ ನೀವು ಬೇಜಾರಾಗಿದ್ರಿ ಅಂತ ಕೇಳಿದ್ದೆ, ಮೇಸ್ತ್ರಿ. ಈ ಸಲ ಕಂಪ್ಯೂಟರ್‌ದಾಗ ಎಲ್ಲಾ ಸಾಫ್ ಮಾಡೀನಿ. ಒಂದು ಮಾರಿಗೆ ಒಂದು ಸೆಕೆಂಡ್!”

“ಒಂದು ಸೆಕೆಂಡ್?” ಖಂಡೆಪ್ಪನ ದನಿ ಏರಿತು. “ಹದಿಮೂರು ವಾರ ದುಡದೀನಿ ಮಾರಾಯ! ಮುಂಜಾನಿ ಸಂಜಿ ಅನ್ನಲಿಲ್ಲ. ಆ ಕಲಿ ಎಷ್ಟು ಕಷ್ಟಪಟ್ಟು ತಿಳಿ ಮಾಡೀನಿ, ಗೊತ್ತದೇನು ನಿನಗ? ಉಳಿದ ಕಲಿ ಎಲ್ಲಿ? ವಾಪಸ್ ಹಾಕು!”

ಹಾಜಿಮಲಂಗ್ ಮೂವತ್ತು ವರ್ಷದ ಕಸುಬಿನಲ್ಲಿ ಕಲೆ ವಾಪಸು ಕೇಳಿದ ಗಿರಾಕಿಯನ್ನು ನೋಡಿರಲಿಲ್ಲ. ಅಷ್ಟರಲ್ಲಿ ಖಂಡೆಪ್ಪನ ಕಣ್ಣು ಮಗಳ ಮೇಲೆ ಬಿತ್ತು. ಎಡಹುಬ್ಬಿನ ಕೆಳಗೆ ಬೆರಳಿಟ್ಟ. ಅಲ್ಲಿ ಗೆರೆ ಇರಲಿಲ್ಲ.

“ಇದು ನನ್ನ ಮಗಳಲ್ಲ,” ಎಂದ ಮೆಲ್ಲಗೆ.

“ಮತ್ತ ಮಾಡಿಸ್ಬೇಕಾದ್ರ ಹೈದರಾಬಾದಿಂದ ಬರ್ಬೇಕು, ಹದಿನೈದು ದಿನ ಹಿಡೀತದ…”

“ಹಿಡೀಲಿ,” ಎಂದ ಖಂಡೆಪ್ಪ. “ಹದಿನೈದು ದಿನ ಏನು ಮಹಾ.”

ಹದಿನೈದು ಎಂದದ್ದು ಇಪ್ಪತ್ತಾಯಿತು. ತಿದ್ದದ ಫೋಟೊ ಬಂತು. ಖಂಡೆಪ್ಪ ತಾನೇ ಅದನ್ನು ಹಿಡಿದುಕೊಂಡು ಸೇಡಂಗೆ ಹೋಗಿ ಗೋಡೆಗೆ ತೂಗುಹಾಕಿದ. ಕೆನ್ನೆಯ ಪಟ್ಟೆ ಅರ್ಧಕ್ಕರ್ಧ ತಿಳಿಯಾಗಿತ್ತು, ಹೋಗಿರಲಿಲ್ಲ. ಹಣೆಯ ಒಣಕಲು ಇಳಿದಿತ್ತು, ಗೆರೆ ಇದ್ದವು. ಹೇಳದಿದ್ದರೆ ಯಾರಿಗೂ ಗೊತ್ತಾಗದಷ್ಟು ವ್ಯತ್ಯಾಸ. ಆಯಿ ಗೋಡೆಯ ಹತ್ತಿರ ಬಂದು ಚಸ್ಮಾ ಸರಿಮಾಡಿಕೊಂಡರು. ಮನೆಯ ಮಂದಿ ನಿಂತಲ್ಲೇ ನಿಂತರು. ದೇವಿಂದ್ರಪ್ಪ ತಾಯಿಯ ಬಾಯಿ ಮುಚ್ಚಲು ಕೈ ಸಿದ್ಧ ಮಾಡಿಕೊಂಡರು. ಉಮಾದೇವಿ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

“ಇಂವ ಹುಡುಗಿ ಅಪ್ಪ,” ಎಂದರು ಆಯಿ.

ಖಂಡೆಪ್ಪ ಮುಂದೆ ಬಂದ. “ಆಯಿ, ಮಾರಿ ನೋಡಿ ಗುರ್ತು ಹಿಡದ್ರೇನು? ಕಲಿ ಕಡಿಮಿ ಆಗ್ಯಾವಲ್ಲ?”

“ಎಂಥಾ ಕಲಿ?” ಆಯಿ ಇನ್ನೂ ಹತ್ತಿರ ಬಾಗಿದರು. “ಅದೇನೂ ನನಗ ಕಾಣಂಗಿಲ್ಲಪ್ಪ. ಫೋಟೊದಾಗ ಇಂವ ಅಳಾಕತ್ತಾನ ನೋಡು. ಮಾರಿಗೆ ಬೆಳ್ಳಗ ಏನೋ ಬಡಕೊಂಡಾನ, ಅದರ ಮ್ಯಾಲ ಕಣ್ಣೀರು ಇಳದು ಎರಡು ಗೆರಿ ಆಗ್ಯಾವ. ಲಗ್ನದಾಗ ಹಿಂಗ ಅಳಾಂವ ಹುಡುಗಿ ಅಪ್ಪ ಅಲ್ಲದ ಮತ್ತ್ಯಾರು?”

ಉಮಾದೇವಿ ಅಪ್ಪನ ತೋಳು ಹಿಡಿದುಕೊಂಡಳು. ಖಂಡೆಪ್ಪ ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಒಯ್ದ.

“ತಿಕ್ಕಬ್ಯಾಡಪ್ಪಾ,” ಎಂದಳು ಮಗಳು. “ಒತ್ತಿ ಒರಸ್ಕೋ.”

ಅವನು ಒತ್ತಿ ಒರೆಸಿಕೊಂಡ.